ಭಾಷಣಕಾರರಿಂದ ಪಿಪಿಟಿ ತರಿಸುವುದು, ರಿಹರ್ಸಲ್ ಸ್ಲಾಟ್ ಗೊತ್ತು ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಸಮ್ಮೇಳನ ಮಾಡುವ ಪ್ರತಿ ತಂಡದಲ್ಲೂ ಯಾರಾದರೊಬ್ಬರ ತಲೆಗೆ ಈ ಕೆಲಸ ಬಂದೇ ಬರುತ್ತದೆ. ಭಾಷಣಕಾರರ ಹಿಂದೆ ಬಿದ್ದು ಪಿಪಿಟಿ ತರಿಸಬೇಕು. ಸಭಾಂಗಣದಲ್ಲಿ ಅದನ್ನು ಒಮ್ಮೆ ಹಾಕಿ ನೋಡಲು ಅವರನ್ನು ಕರೆಸಬೇಕು. ಊಟದ ವ್ಯವಸ್ಥೆ ನೋಡುವವರಿಗೆ ಕೊನೆಗೆ ಒಂದು ಶಭಾಷ್ ಸಿಗುತ್ತದೆ, ಈ ಕೆಲಸದವರಿಗೆ ಬೈಗುಳ ಮಾತ್ರ. ಹೊಸದಾಗಿ ಈ ಕೆಲಸಕ್ಕೆ ಬಂದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪಿಪಿಟಿ ಮೊದಲೇ ಯಾಕೆ ಬೇಕು? ಆ ದಿನ ಪೆನ್‌ಡ್ರೈವಿನಲ್ಲಿ ತಂದರೆ ಸಾಲದಾ?

ಎಲ್ಲ ಭಾಷಣಕಾರರೂ ಕೇಳುವ ಪ್ರಶ್ನೆ ಇದು. ನಿಮ್ಮ ಹತ್ತಿರ ಗಟ್ಟಿ ಉತ್ತರ ಇಲ್ಲದಿದ್ದರೆ ಪಿಪಿಟಿ ಬರುವುದಿಲ್ಲ. "ಆಯೋಜಕರು ಹೇಳಿದ್ದಾರೆ" ಅನ್ನುವುದು ಉತ್ತರ ಅಲ್ಲ. ಅವರ ಪಿಪಿಟಿಯಲ್ಲಿ ಏನು ಕೆಡಬಹುದು ಅಂತ ಹೇಳಬೇಕು.

ನಮ್ಮ ಕಡೆ ಜಾಸ್ತಿ ಕೆಡುವುದು ಕನ್ನಡ ಅಕ್ಷರ. ಹಿರಿಯ ಮೇಷ್ಟ್ರುಗಳು, ವೈದ್ಯರು, ವಕೀಲರು ಹತ್ತು ಹದಿನೈದು ವರ್ಷಗಳಿಂದ ಅದೇ ಹಳೆಯ ಸ್ಲೈಡುಗಳನ್ನು ತಿದ್ದಿ ತಿದ್ದಿ ಬಳಸುತ್ತಿರುತ್ತಾರೆ. ಅದರಲ್ಲಿರುವ ಅಕ್ಷರ ನುಡಿ ಅಥವಾ ಬರಹದ ಹಳೆಯ ಫಾಂಟಿನದು, ಯುನಿಕೋಡ್ ಅಲ್ಲ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇದೆ, ಹಾಗಾಗಿ ಚೆನ್ನಾಗಿಯೇ ಕಾಣುತ್ತದೆ. ಸಭಾಂಗಣದ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ. ಅಲ್ಲಿ "ಕನ್ನಡ" ಅಂತ ಇರಬೇಕಾದ ಜಾಗದಲ್ಲಿ ಹೀಗೆ ಕಾಣುತ್ತದೆ:

```
PÀ£ÀßqÀ
```

ಮುನ್ನೂರು ಜನರ ಎದುರು ಇದು ತೆರೆಯ ಮೇಲೆ ಬಂದರೆ ಭಾಷಣಕಾರರ ಮುಖ ನೋಡಲಿಕ್ಕಾಗುವುದಿಲ್ಲ. ಐದು ದಿನ ಮೊದಲೇ ಪಿಪಿಟಿ ಕೈಗೆ ಸಿಕ್ಕಿದ್ದರೆ ಹತ್ತು ನಿಮಿಷದಲ್ಲಿ ಸರಿಯಾಗುವ ಕೆಲಸ. ವೇದಿಕೆಯ ಮೇಲೆ ಹತ್ತು ನಿಮಿಷ ಎಲ್ಲಿಂದ ತರುವುದು?

ಕೇಳಿದಾಗ ನಾನು ಕೊಡುವ ಉತ್ತರ ಹೀಗಿರುತ್ತದೆ: "ಸರ್, ಪೆನ್‌ಡ್ರೈವ್ ಧಾರಾಳವಾಗಿ ತನ್ನಿ, ಅದು ಎರಡನೇ ಪ್ರತಿಯಾಗಿ ಇರಲಿ. ನಿಮ್ಮ ಕನ್ನಡ ಅಕ್ಷರ ಇಲ್ಲಿನ ಕಂಪ್ಯೂಟರಿನಲ್ಲಿ ಸರಿಯಾಗಿ ಬರುತ್ತದಾ ಅಂತ ನಾವು ಮೊದಲೇ ನೋಡಿಕೊಳ್ಳುತ್ತೇವೆ." ಇಷ್ಟು ಹೇಳಿದರೆ ಹೆಚ್ಚಿನವರು ಅದೇ ದಿನ ಕಳಿಸುತ್ತಾರೆ, ಯಾಕೆಂದರೆ ಕೇಳಿದ್ದು ಅವರ ಒಳ್ಳೆಯದಕ್ಕೆ ಅಂತ ಗೊತ್ತಾಗುತ್ತದೆ.

ಎಷ್ಟು ದಿನ ಮೊದಲು ಕೇಳಲು ಶುರು ಮಾಡಬೇಕು?

ಕೊನೆಯ ದಿನಾಂಕವನ್ನು ಮೊದಲ ಆಹ್ವಾನ ಪತ್ರದಲ್ಲೇ ಬರೆದಿರಬೇಕು. ಒಪ್ಪಿಕೊಂಡ ಮೇಲೆ "ಅಂದ ಹಾಗೆ ಪಿಪಿಟಿ ಬೇಕು" ಅಂದರೆ ಅದು ಹೊಸ ಕೆಲಸ ಹೇರಿದ ಹಾಗಾಗುತ್ತದೆ. ಆಮೇಲೆ ನೆನಪಿಸುವುದು ಮೂರು ಸಲ: ಸಮ್ಮೇಳನಕ್ಕೆ ಹತ್ತು ದಿನ ಇರುವಾಗ ಒಂದು ಮೆಸೇಜ್, ಕೊನೆಯ ದಿನಾಂಕದ ಹಿಂದಿನ ದಿನ ಇನ್ನೊಂದು, ದಿನಾಂಕ ದಾಟಿದ ಮರುದಿನ ಬೆಳಿಗ್ಗೆ ಫೋನ್.

ಶನಿವಾರದ ಕಾರ್ಯಕ್ರಮಕ್ಕೆ ಅದೇ ವಾರದ ಸೋಮವಾರ ಸಂಜೆ 6 ಗಂಟೆ ಒಳ್ಳೆಯ ಗಡುವು. ಬರೆಯದೆ ಉಳಿದ ಸ್ಲೈಡುಗಳನ್ನು ಜನ ಭಾನುವಾರ ಕೂತು ಮುಗಿಸುತ್ತಾರೆ. ಮಂಗಳವಾರ, ಬುಧವಾರ ನಿಮಗೆ ಪರೀಕ್ಷೆ ಮಾಡಲು ಸಿಗುತ್ತದೆ. ಶುಕ್ರವಾರ ಗಡುವು ಇಟ್ಟರೆ ಕಾರ್ಯಕ್ರಮದ ದಿನ ಬೆಳಿಗ್ಗೆ ಕೊಟ್ಟರೂ ನಡೆಯುತ್ತದೆ ಅಂತಲೇ ಅದನ್ನು ಓದಿಕೊಳ್ಳುತ್ತಾರೆ.

ಪಂಚಾಂಗವನ್ನೂ ಒಮ್ಮೆ ನೋಡಿ. ದೀಪಾವಳಿ, ಚೌತಿ, ಅಷ್ಟಮಿಯ ಆಸುಪಾಸಿಗೆ ಗಡುವು ಬಿದ್ದರೆ ಅದನ್ನು ಹಿಂದಕ್ಕೆ ತನ್ನಿ, ಮುಂದಕ್ಕೆ ದೂಡಬೇಡಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ. ಆ ವಾರ ಪೇಟೆಯೊಳಗೆ ರಿಹರ್ಸಲ್ ಇಟ್ಟು ಜನರನ್ನು ಕಾಯುವುದು ನಿಮಗೇ ಶಿಕ್ಷೆ.

ಮೆಸೇಜಿನಲ್ಲಿ ಏನು ಬರೆಯಬೇಕು? ನಾನು ಬರೆದದ್ದಕ್ಕೆ "ಓಕೆ" ಅಂತ ಮಾತ್ರ ಬರುತ್ತದೆ, ಪಿಪಿಟಿ ಬರುವುದಿಲ್ಲ.

ನೀವು ಬಹುಶಃ "ದಯವಿಟ್ಟು ನಿಮ್ಮ ಪಿಪಿಟಿಯನ್ನು ಆದಷ್ಟು ಬೇಗ ಕಳಿಸಿ, ರಿಹರ್ಸಲ್‌ಗೆ ಯಾವಾಗ ಬರುತ್ತೀರಿ ತಿಳಿಸಿ" ಅಂತ ಬರೆದಿರಬೇಕು. ಆದಷ್ಟು ಬೇಗ ಅಂದರೆ ಯಾವಾಗ? ಯಾವಾಗ ಬರುತ್ತೀರಿ ಅಂದರೆ ಅವರು ಡೈರಿ ತೆಗೆದು, ನಿಮ್ಮ ಸಭಾಂಗಣ ಯಾವಾಗ ಖಾಲಿ ಅಂತ ಊಹಿಸಿ, ಉತ್ತರ ಬರೆಯಬೇಕು. ಅಷ್ಟು ಕೆಲಸ ಯಾರು ಮಾಡುತ್ತಾರೆ? "ಓಕೆ" ಅಂತ ಹಾಕಿ ಮುಂದೆ ಹೋಗುತ್ತಾರೆ.

ಒಂದು ಬೆರಳಿನಲ್ಲಿ ಉತ್ತರ ಕೊಡುವ ಹಾಗೆ ಕೇಳಬೇಕು. ಹೀಗೆ:

> ನಮಸ್ಕಾರ ಡಾಕ್ಟ್ರೇ, ಡಿಸೆಂಬರ್ 5, ಶನಿವಾರದ ಸಮ್ಮೇಳನದ ಬಗ್ಗೆ. ನಿಮ್ಮ ಭಾಷಣ ಬೆಳಿಗ್ಗೆ 11.20ಕ್ಕೆ, 20 ನಿಮಿಷ.
>
> ಪಿಪಿಟಿ ನವೆಂಬರ್ 30, ಸೋಮವಾರ ಸಂಜೆ 6ರ ಒಳಗೆ ಈ ನಂಬರಿಗೇ ಡಾಕ್ಯುಮೆಂಟ್ ಆಗಿ ಕಳಿಸಿದರೆ ಸಾಕು. ಪೂರ್ತಿ ಮುಗಿದಿರಬೇಕು ಅಂತಿಲ್ಲ.
>
> ಸಭಾಂಗಣದಲ್ಲಿ 15 ನಿಮಿಷ ಹಾಕಿ ನೋಡಲು ನಿಮಗಾಗಿ ಎರಡು ಹೊತ್ತು ಇಟ್ಟಿದ್ದೇನೆ:
> 1. ಶುಕ್ರವಾರ ಸಂಜೆ 4.20
> 2. ಶನಿವಾರ ಬೆಳಿಗ್ಗೆ 8.00
> 1 ಅಥವಾ 2 ಅಂತ ಬರೆದರೆ ಸಾಕು. ಸೋಮವಾರದವರೆಗೆ ಎರಡನ್ನೂ ಬೇರೆಯವರಿಗೆ ಕೊಡುವುದಿಲ್ಲ.

ಇದರಲ್ಲಿ ಗಮನಿಸಬೇಕಾದದ್ದು ಕೊನೆಯ ಸಾಲು. ಹೊತ್ತು ಈಗಾಗಲೇ ಅವರ ಹೆಸರಿನಲ್ಲಿದೆ, ಸುಮ್ಮನಿದ್ದರೆ ಹೋಗುತ್ತದೆ. ಬೆದರಿಕೆ ಇಲ್ಲ, ಆದರೆ ಸೋಮವಾರಕ್ಕೆ ಒಂದು ಬೆಲೆ ಬಂತು.

"ಡಾಕ್ಯುಮೆಂಟ್ ಆಗಿ" ಅಂತ ಬರೆದದ್ದೂ ಸುಮ್ನೆ ಅಲ್ಲ. ಕೆಲವರು ಸ್ಲೈಡುಗಳ ಫೋಟೋ ತೆಗೆದು ಒಂದೊಂದಾಗಿ ಕಳಿಸುತ್ತಾರೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ 2 ಜಿಬಿವರೆಗೆ ಹೋಗುತ್ತದೆ. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಅಟ್ಯಾಚ್‌ಮೆಂಟ್ ಬದಲು ಡ್ರೈವ್ ಲಿಂಕ್ ಆಗುತ್ತದೆ, ಆ ಲಿಂಕ್ ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ. ಲಿಂಕ್ ಬಂದ ಕೂಡಲೇ ಒತ್ತಿ ನೋಡಿ, ತೆರೆಯದಿದ್ದರೆ ಆಗಲೇ ಹೇಳಿ. ಅವರು ಶೇರ್ ಒತ್ತಿ `Anyone with the link` ಅಂತ ಬದಲಿಸಬೇಕು. ಗುರುವಾರ ರಾತ್ರಿ ಇದನ್ನು ಕಂಡುಹಿಡಿದರೆ ಅವರು ಅಷ್ಟರಲ್ಲಿ ವಿಮಾನದಲ್ಲಿರುತ್ತಾರೆ.

ಹಿರಿಯರಿಗೆ ಮತ್ತೆ ಮತ್ತೆ ನೆನಪಿಸಿದರೆ ಅಗೌರವ ಆಗುವುದಿಲ್ವಾ?

ಎಲ್ಲರೂ ಇರುವ ಗುಂಪಿನಲ್ಲಿ ಹೆಸರು ಹಾಕಿ "ಸರ್, ನಿಮ್ಮದೊಂದು ಬಾಕಿ" ಅಂದರೆ ಖಂಡಿತ ಆಗುತ್ತದೆ. ಹಾಗೆ ಮಾಡಲೇಬಾರದು. ಕೊಟ್ಟವರ ಪಟ್ಟಿ, ಕೊಡದವರ ಪಟ್ಟಿ ಅಂತ ಗುಂಪಿಗೆ ಹಾಕುವುದೂ ಬೇಡ. ಅವರ ವಿದ್ಯಾರ್ಥಿಗಳೂ ಆ ಗುಂಪಿನಲ್ಲಿರುತ್ತಾರೆ, ಅಲ್ವಾ?

ವೈಯಕ್ತಿಕವಾಗಿ ಕೇಳುವುದರಲ್ಲಿ ತಪ್ಪೇನಿಲ್ಲ. ಪ್ರತಿ ಸಲವೂ ಒಂದು ಹೊಸ ವಿಷಯ ಇರಲಿ ಅಷ್ಟೆ. ಮೊದಲ ಮೆಸೇಜಿನಲ್ಲಿ ಗಡುವು, ಎರಡನೆಯದರಲ್ಲಿ "ನಿಮ್ಮ ನಂತರ ಮಾತಾಡುವವರು ಇಂಥವರು, ನಿಮಗೆ ಲೇಪಲ್ ಮೈಕ್ ಬೇಕಾ, ಕೈಯಲ್ಲಿ ಹಿಡಿಯುವ ಮೈಕಾ" ಅಂತ ಒಂದು ಪ್ರಶ್ನೆ, ಅದರ ಕೆಳಗೆ ಪಿಪಿಟಿ ನೆನಪು. ಮೈಕಿನ ಪ್ರಶ್ನೆಗೆ ಉತ್ತರ ಬರೆಯುವಾಗ ಪಿಪಿಟಿಯ ಬಗ್ಗೆಯೂ ಏನಾದರೊಂದು ಬರೆಯುತ್ತಾರೆ.

ತುಂಬ ದೊಡ್ಡವರಾದರೆ ಪಿಪಿಟಿ ಅವರ ಹತ್ತಿರ ಇರುವುದೇ ಇಲ್ಲ. ಅವರ ಪಿಜಿ ವಿದ್ಯಾರ್ಥಿಯ ಹತ್ತಿರ ಇರುತ್ತದೆ, ಇಲ್ಲವೇ ಆಫೀಸಿನ ಸಹಾಯಕರ ಹತ್ತಿರ. "ಮೇಡಂ, ಪಿಪಿಟಿ ವಿಷಯಕ್ಕೆ ನಿಮಗೆ ತೊಂದರೆ ಕೊಡುವ ಬದಲು ಯಾರ ಹತ್ತಿರ ಮಾತಾಡಲಿ?" ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಆ ಒಂದು ನಂಬರು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಇನ್ನೊಂದು ಮಾತು. ವೈದ್ಯರಿಗೆ ಬೆಳಿಗ್ಗೆ ಫೋನ್ ಮಾಡಬೇಡಿ, ಒಪಿಡಿ ಇರುತ್ತದೆ. ಕಾಲೇಜಿನವರಾದರೆ ಮಧ್ಯಾಹ್ನ ಊಟದ ಹೊತ್ತಿನ ಕೊನೆಗೆ ಸಿಗುತ್ತಾರೆ.

"ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ಕಳಿಸ್ತೇನೆ" ಅಂದರೆ?

ಮುಗಿಯದ್ದನ್ನೇ ಕಳಿಸಲು ಹೇಳಿ. ನಮಗೆ ಬೇಕಾದದ್ದು ವಿಷಯ ಅಲ್ಲ, ಫೈಲು. ಐದೇ ಸ್ಲೈಡಿದ್ದರೂ ಯಾವ ಫಾಂಟ್, ಅಗಲ 16:9 ಉಂಟಾ 4:3 ಉಂಟಾ, ವಿಡಿಯೊ ಒಳಗೇ ಇದೆಯಾ ಹೊರಗಿನಿಂದ ಬರುತ್ತದಾ ಅಂತ ಗೊತ್ತಾಗುತ್ತದೆ. ಕೊನೆಯ ಅಂಕಿ ಅಂಶವನ್ನು ಅವರು ಶುಕ್ರವಾರ ರಾತ್ರಿ ಸೇರಿಸಿಕೊಳ್ಳಲಿ, ಅದರಿಂದ ಏನೂ ಕೆಡುವುದಿಲ್ಲ.

ಇನ್ನೂ ಮುಗಿದಿಲ್ಲ ಅನ್ನುವ ಎಲ್ಲರಿಗೂ ಮುಗಿದಿರುವುದಿಲ್ಲ ಅಂತ ತಿಳಿಯಬೇಡಿ. ಕೆಲವರಿಗೆ ಹೆದರಿಕೆ. ಪಿಪಿಟಿ ಒಮ್ಮೆ ಕೈಬಿಟ್ಟರೆ ಅದು ಊರೆಲ್ಲ ಸುತ್ತುತ್ತದೆ, ಪ್ರಕಟವಾಗದ ಲೇಖನದ ಚಿತ್ರ ಅದರಲ್ಲಿದೆ, ರೋಗಿಯ ಫೋಟೋ ಇದೆ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, "ಮುಗಿದಿಲ್ಲ" ಅನ್ನುತ್ತಾರೆ. ಅನುಮಾನ ಬಂದರೆ ನೀವೇ ಬರೆಯಿರಿ: "ಫೈಲು ನನ್ನ ಹತ್ತಿರ ಮತ್ತು ಸಭಾಂಗಣದ ಆಪರೇಟರ್ ಹತ್ತಿರ ಮಾತ್ರ ಇರುತ್ತದೆ, ನಿಮ್ಮನ್ನು ಕೇಳದೆ ಯಾರಿಗೂ ಕೊಡುವುದಿಲ್ಲ, ಭಾಷಣ ಮುಗಿದ ಕೂಡಲೇ ಅಲ್ಲಿಂದ ಅಳಿಸುತ್ತೇವೆ." ಬರೆದ ಮೇಲೆ ಹಾಗೇ ನಡೆದುಕೊಳ್ಳಬೇಕು. ಸಮ್ಮೇಳನ ಮುಗಿದ ಮೇಲೆ ಎಲ್ಲ ಪಿಪಿಟಿಗಳನ್ನು ಒಂದು ಫೋಲ್ಡರಿನಲ್ಲಿ ಹಾಕಿ ಲಿಂಕ್ ಹಂಚಿದ ತಂಡವೊಂದಕ್ಕೆ ಮರುವರ್ಷ ಯಾರೂ ಪಿಪಿಟಿ ಮೊದಲೇ ಕೊಡಲಿಲ್ಲ.

ರಿಹರ್ಸಲ್ ಸ್ಲಾಟುಗಳನ್ನು ಹೇಗೆ ಮಾಡುವುದು?

ಒಬ್ಬರಿಗೆ 15 ನಿಮಿಷ, ನಡುವೆ 5 ನಿಮಿಷ. ಅಂದರೆ 20 ನಿಮಿಷಕ್ಕೆ ಒಬ್ಬರು, ಮೂರು ಗಂಟೆಗೆ ಒಂಬತ್ತು ಜನ. ಶುಕ್ರವಾರ ಮಧ್ಯಾಹ್ನ 3ರಿಂದ ಸಂಜೆ 6 ಅಂತ ಇಟ್ಟರೆ ಒಂಬತ್ತರಲ್ಲಿ ಎಂಟನ್ನು ಹಂಚಿ, ಒಂದನ್ನು ಖಾಲಿ ಬಿಡಿ. ಪಂಪ್‌ವೆಲ್ ಹತ್ತಿರ ಸಿಕ್ಕಿಹಾಕಿಕೊಂಡವರು ಒಬ್ಬರಾದರೂ ಇರುತ್ತಾರೆ. ಮಳೆಗಾಲವಾದರೆ ಎರಡನ್ನು ಖಾಲಿ ಬಿಡಿ. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಪ್ರೊಜೆಕ್ಟರ್ ಆರಿರುತ್ತದೆ, ಅದು ತಣಿದು ಮತ್ತೆ ಹೊತ್ತಿಕೊಳ್ಳಲು ಕೆಲವು ನಿಮಿಷ ಬೇಕು.

ಎಲ್ಲರೂ ಬರೆಯಬಹುದಾದ ಗೂಗಲ್ ಶೀಟ್ ಹಂಚುವುದು ನನಗೆ ಇಷ್ಟವಿಲ್ಲ. ಒಂದೇ ಸಾಲಿನಲ್ಲಿ ಇಬ್ಬರು ಬರೆಯುತ್ತಾರೆ, ಒಬ್ಬರ ಹೆಸರನ್ನು ಇನ್ನೊಬ್ಬರು ಅಳಿಸುತ್ತಾರೆ, ಮೊಬೈಲಿನಲ್ಲಿ ತೆರೆದವರಿಗೆ ಏನೂ ಕಾಣುವುದಿಲ್ಲ. ಶೀಟ್ ಇರಲಿ, ಆದರೆ ಬರೆಯುವವರು ನೀವೊಬ್ಬರೇ. ಭಾಷಣಕಾರರು 1 ಅಂದರೆ ನೀವು ತುಂಬಿ. ಆಮೇಲೆ ಕ್ಯಾಲೆಂಡರ್ ಆಹ್ವಾನ ಕಳಿಸಿ. ಅವರ ಫೋನೇ ಅವರಿಗೆ ನೆನಪಿಸುತ್ತದೆ, ನಿಮಗೆ ಒಂದು ಫೋನ್ ಉಳಿಯಿತು.

ಯಾರಿಗೆ ಯಾವ ಸ್ಲಾಟ್ ಅನ್ನುವುದರಲ್ಲಿ ಸ್ವಲ್ಪ ತಲೆ ಓಡಿಸಬೇಕು. ಊರಿನವರಿಗೆ ಶುಕ್ರವಾರ ಕೊಡಿ. ಮಣಿಪಾಲ, ಕುಂದಾಪುರ, ಕಾಸರಗೋಡಿನಿಂದ ಬರುವವರನ್ನು 15 ನಿಮಿಷಕ್ಕಾಗಿ ಹಿಂದಿನ ದಿನ ಮಂಗಳೂರಿಗೆ ಕರೆಯುವುದು ಅನ್ಯಾಯ. ಅವರಿಗೆ ಶನಿವಾರ ಬೆಳಿಗ್ಗೆ 8ರಿಂದ 9, ನೋಂದಣಿಯ ಗಲಾಟೆ ಶುರುವಾಗುವ ಮುಂಚೆ. ಅಲ್ಲಿ ಇರುವುದು ಮೂರೇ ಸ್ಲಾಟು. ಹಾಗಾಗಿ ಒಂದು ಷರತ್ತು: ಸೋಮವಾರದೊಳಗೆ ಫೈಲು ಕೊಟ್ಟವರಿಗೆ ಮಾತ್ರ ಬೆಳಗಿನ ಸ್ಲಾಟು. ಇದನ್ನು ಮೊದಲೇ ಹೇಳಿದರೆ ದೂರದವರ ಪಿಪಿಟಿ ಎಲ್ಲರಿಗಿಂತ ಮೊದಲು ಬರುತ್ತದೆ.

ಆ 15 ನಿಮಿಷದಲ್ಲಿ ಏನು ಮಾಡಬೇಕು? ಭಾಷಣ ಪೂರ್ತಿ ಹೇಳಿಸಬೇಕಾ?

ಬೇಡ. ಭಾಷಣ ಹೇಳಿಸಲು ಹೋದರೆ ಒಬ್ಬರಿಗೇ ಅರ್ಧ ಗಂಟೆ ಹೋಗುತ್ತದೆ. ಇದು ಯಂತ್ರಗಳ ರಿಹರ್ಸಲ್.

ಮೊದಲು ಫೈಲನ್ನು ಸಭಾಂಗಣದ ಕಂಪ್ಯೂಟರಿನಲ್ಲಿ ತೆರೆದು ಎಲ್ಲ ಸ್ಲೈಡುಗಳನ್ನು ಬೇಗ ಬೇಗ ದಾಟಿಸಿ. ಭಾಷಣಕಾರರು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ನೋಡಲಿ. ತಮ್ಮ ಕೋಷ್ಟಕ ಹಿಂದಿನವರಿಗೆ ಓದಲಾಗುವುದಿಲ್ಲ ಅಂತ ಅವರಿಗೇ ಗೊತ್ತಾದರೆ ನೀವು ಹೇಳುವ ಅಗತ್ಯ ಬರುವುದಿಲ್ಲ. ಆಮೇಲೆ ವಿಡಿಯೊ ಇದ್ದರೆ ಶಬ್ದ ಸಮೇತ ಓಡಿಸಿ. ಎಚ್‌ಡಿಎಂಐ ಕೇಬಲ್ ಹಾಕಿದ ಕೂಡಲೇ ಎಷ್ಟೋ ಲ್ಯಾಪ್‌ಟಾಪುಗಳು ಶಬ್ದವನ್ನೂ ಅದರಲ್ಲೇ ಪ್ರೊಜೆಕ್ಟರಿಗೆ ಕಳಿಸುತ್ತವೆ, ಸೌಂಡ್‌ನವರ ಮಿಕ್ಸರಿಗೆ ಏನೂ ಬರುವುದಿಲ್ಲ. ಚಿತ್ರ ಓಡುತ್ತದೆ, ಮಾತು ಇಲ್ಲ. ಗಡಿಯಾರದ ಪಕ್ಕದ ಸ್ಪೀಕರ್ ಗುರುತನ್ನು ಒತ್ತಿ ಶಬ್ದ ಹೋಗುವ ಜಾಗ ಬದಲಿಸಬೇಕು. ಹೆಡ್‌ಫೋನ್ ತೂತಿನಿಂದ ಮಿಕ್ಸರಿಗೆ ವೈರ್ ಕೊಟ್ಟಾಗ ಗುಂಯ್ ಅಂತ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ದೋಷ ಕರೆಂಟಿನ ಅರ್ತಿಂಗ್ ಕಡೆಯದು. ವಿಡಿಯೊ ಇರುವಷ್ಟು ಹೊತ್ತು ಬ್ಯಾಟರಿಯಲ್ಲಿ ಓಡಿಸಿದರೆ ಆಯಿತು.

ಉಳಿದ ಹೊತ್ತಿನಲ್ಲಿ ಕ್ಲಿಕ್ಕರ್ ಅವರ ಕೈಗೆ ಕೊಡಿ, ನಿಲ್ಲುವ ಜಾಗ ತೋರಿಸಿ, ಮೈಕಿನಲ್ಲಿ ಎರಡು ವಾಕ್ಯ ಮಾತಾಡಿಸಿ. ಎದುರಿನ ಗಡಿಯಾರ ಎಲ್ಲಿದೆ ಅಂತ ತೋರಿಸುವುದನ್ನು ಮರೆಯಬೇಡಿ.

ಒಂದು ಉದಾಹರಣೆ ಮೊದಲಿಂದ ಕೊನೆಯವರೆಗೆ ಹೇಳಬಹುದಾ?

ಮೇಲೆ ಬರೆದ ಮೆಸೇಜಿನ ಡಾಕ್ಟರನ್ನೇ ಇಟ್ಟುಕೊಳ್ಳೋಣ. ಮಣಿಪಾಲದವರು, ಹಿರಿಯರು. ಕನ್ನಡದಲ್ಲೇ 20 ನಿಮಿಷದ ಭಾಷಣ, ನಡುವೆ ಒಂದು ವಿಡಿಯೊ. ಸಭೆ ಮಂಗಳೂರಿನಲ್ಲಿ.

ನವೆಂಬರ್ 25, ಬುಧವಾರ ಮೊದಲ ಮೆಸೇಜ್ ಹೋಗುತ್ತದೆ. ಸಂಜೆ ಉತ್ತರ ಬರುತ್ತದೆ: "2". ಬೆಳಗಿನ 8 ಗಂಟೆಯ ಸ್ಲಾಟ್ ಅವರ ಹೆಸರಿಗೆ ಬರೆದಾಯಿತು, ಕ್ಯಾಲೆಂಡರ್ ಆಹ್ವಾನ ಹೋಯಿತು. ಪಿಪಿಟಿಯ ಸುದ್ದಿ ಇಲ್ಲ. 29, ಭಾನುವಾರ ಎರಡನೇ ಮೆಸೇಜ್, ಮೈಕಿನ ಪ್ರಶ್ನೆಯ ಜೊತೆಗೆ. "ಲೇಪಲ್ ಇರಲಿ. ಪಿಪಿಟಿ ಹುಡುಗ ನಾಳೆ ಕಳಿಸ್ತಾನೆ" ಅನ್ನುತ್ತಾರೆ. ಸೋಮವಾರ ಸಂಜೆ 5.40ಕ್ಕೆ ಹುಡುಗನಿಂದ ಫೈಲು ಬಂತು. ಕೂಡಲೇ ಇಬ್ಬರಿಗೂ "ಬಂತು, ತೆರೆದು ನೋಡಿ ನಾಳೆ ಹೇಳ್ತೇನೆ" ಅಂತ ಒಂದು ಸಾಲು.

ಈಗ ನಿಮ್ಮ ಕೆಲಸ ಶುರು. ಆ ಫಾಂಟುಗಳು ಇಲ್ಲದ ಒಂದು ಕಂಪ್ಯೂಟರಿನಲ್ಲಿ, ವೈಫೈ ಆಫ್ ಮಾಡಿ, ಫೈಲು ತೆರೆಯಿರಿ. ವೈಫೈ ಯಾಕೆ ಆಫ್ ಅಂದರೆ, ಇಂಟರ್‌ನೆಟ್ಟಿನಿಂದ ಬರುವ ವಿಡಿಯೊ ಆಗ ಓಡುವುದಿಲ್ಲ, ಕಳ್ಳ ಸಿಕ್ಕಿಬೀಳುತ್ತಾನೆ. ಯಾವ ಯಾವ ಫಾಂಟ್ ಇದೆ ಅಂತ ನೋಡಲು ಪವರ್‌ಪಾಯಿಂಟಿನಲ್ಲಿ `Home` → `Replace` → `Replace Fonts` ತೆರೆದರೆ ಪಟ್ಟಿ ಕಾಣುತ್ತದೆ. ನಮ್ಮ ಡಾಕ್ಟರ ಫೈಲಿನಲ್ಲಿ `Nudi 01 e` ಅಂತ ಇದೆ, ತೆರೆಯ ಮೇಲೆ ಆ ಹಾಳು ಅಕ್ಷರಗಳು. ವಿಡಿಯೊ ಜಾಗದಲ್ಲಿ ಕಪ್ಪು ಚೌಕ, ಯೂಟ್ಯೂಬಿನಿಂದ ಬರುವಂಥದ್ದು. ಸ್ಲೈಡಿನ ಅಗಲ 4:3, ಸಭಾಂಗಣದ ತೆರೆ 16:9. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ.

ಮೂರರಲ್ಲಿ ಕೊನೆಯದನ್ನು ಬಿಟ್ಟುಬಿಡಿ. ಕಪ್ಪು ಪಟ್ಟಿಯಿಂದ ಯಾರಿಗೂ ನಷ್ಟವಿಲ್ಲ. ಅಗಲ ಬದಲಿಸಲು ಹೋದರೆ ಚಿತ್ರಗಳೆಲ್ಲ ಜಾಗ ತಪ್ಪುತ್ತವೆ. ಉಳಿದ ಎರಡಕ್ಕೆ ಮಂಗಳವಾರ ಬೆಳಿಗ್ಗೆ ಹುಡುಗನಿಗೆ ಫೋನ್. ಅವನ ಕಂಪ್ಯೂಟರಿನಲ್ಲಿ `File` → `Options` → `Save` ಒಳಗೆ `Embed fonts in the file` ಅಂತ ಒಂದು ಚೌಕ ಇದೆ, ಅದಕ್ಕೆ ಗುರುತು ಹಾಕಿ ಮತ್ತೆ ಸೇವ್ ಮಾಡಲಿ. ಫಾಂಟ್ ಫೈಲಿನೊಳಗೇ ಸೇರುತ್ತದೆ. ಕೆಲವು ಫಾಂಟುಗಳು ಹೀಗೆ ಸೇರಲು ಒಪ್ಪುವುದಿಲ್ಲ. ಹಾಗಾದರೆ ಎರಡು ದಾರಿ. ಅಕ್ಷರವನ್ನು ಯುನಿಕೋಡಿಗೆ ಬದಲಿಸಿ ನಿರ್ಮಲಾ ಫಾಂಟ್ ಹಾಕುವುದು ಒಂದು. ಇಲ್ಲವೇ ಅದೇ ನುಡಿ ಫಾಂಟನ್ನು ಸಭಾಂಗಣದ ಕಂಪ್ಯೂಟರಿಗೆ ಹಾಕಿಸುವುದು. ಆಪರೇಟರ್ ಒಪ್ಪಿದರೆ ಎರಡನೆಯದು ಸುಲಭ. ಯುನಿಕೋಡಿಗೆ ಬದಲಿಸಿದಾಗ ಒತ್ತಕ್ಷರ ಅಲ್ಲಲ್ಲಿ ತಪ್ಪುವುದುಂಟು, ಸಾಲುಗಳೂ ಉದ್ದವಾಗಿ ಕೆಳಗೆ ಬೀಳುತ್ತವೆ. ಅದನ್ನು ಓದಿ ತಿದ್ದಬೇಕಾದವರು ಡಾಕ್ಟರೇ, ನೀವಲ್ಲ.

ವಿಡಿಯೊ ಅವರದೇ ಆದರೆ ಮೂಲ ಫೈಲು ತರಿಸಿ, `Insert` → `Video` → `This Device` ಮೂಲಕ ಒಳಗೆ ಹಾಕಿಸಿ. ಎಂಪಿ4 ಆದರೆ ಸಾಮಾನ್ಯವಾಗಿ ಎಲ್ಲ ಕಡೆ ಓಡುತ್ತದೆ. ಅದೇ ವಿಡಿಯೊವನ್ನು ಬೇರೆಯಾಗಿಯೂ ಒಂದು ಪ್ರತಿ ಇಟ್ಟುಕೊಳ್ಳಿ.

ಬುಧವಾರ ತಿದ್ದಿದ ಫೈಲು ಬಂತು. ಮತ್ತೆ ವೈಫೈ ಆಫ್, ಮತ್ತೆ ಪರೀಕ್ಷೆ. ಸರಿಯಾಗಿದೆ. ಡಾಕ್ಟರಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿ, "ನಮ್ಮ ಕಂಪ್ಯೂಟರಿನಲ್ಲಿ ಹೀಗೆ ಕಾಣುತ್ತದೆ ಸರ್" ಅಂತ. ಶುಕ್ರವಾರ ಸಂಜೆ ಕೊನೆಯ ನೆನಪು: ನಾಳೆ 8ಕ್ಕೆ, ಇಂಥ ಗೇಟಿನಿಂದ ಬನ್ನಿ, ಕಾರು ಇಲ್ಲಿ ನಿಲ್ಲಿಸಿ, ಅಲ್ಲಿ ನಿಲ್ಲುವವರ ನಂಬರು ಇದು. ಮಣಿಪಾಲದಿಂದ ಅರುವತ್ತು ಕಿಲೋಮೀಟರಿಗಿಂತ ಜಾಸ್ತಿ, ಆರೂವರೆಯ ಒಳಗೆ ಹೊರಡಬೇಕು. ಬಂದವರಿಗೆ ಬನ್ಸ್, ಚಾ ಸಿದ್ಧ ಇರಲಿ.

ಭಾಷಣಕಾರರು ಗಲ್ಫ್‌ನಲ್ಲಿದ್ದಾರೆ, ಜೂಮ್‌ನಲ್ಲಿ ಮಾತಾಡುತ್ತಾರೆ. ಅವರಿಗೂ ರಿಹರ್ಸಲ್ ಬೇಕಾ?

ಇಲ್ಲಿಗೆ ಬರುವವರಿಗಿಂತ ಜಾಸ್ತಿ ಬೇಕು. ಮೆಸೇಜಿನಲ್ಲಿ ಎರಡೂ ಕಡೆಯ ಗಂಟೆ ಬರೆಯಿರಿ. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 8 ಅಂದರೆ ದುಬೈಯಲ್ಲಿ ಆರೂವರೆ, ಕುವೈತಿನಲ್ಲಿ ಐದೂವರೆ. ಬರೀ "8 ಗಂಟೆ" ಅಂತ ಬರೆದರೆ ಅವರು ತಮ್ಮ 8ಕ್ಕೆ ಬರುತ್ತಾರೆ.

ರಜೆಯೂ ಬೇರೆ. ಯುಎಇಯಲ್ಲಿ 2022ರಿಂದ ಶನಿವಾರ, ಭಾನುವಾರ ರಜೆ. ಸೌದಿಯಲ್ಲಿ ಶುಕ್ರವಾರ, ಶನಿವಾರ. ನಿಮ್ಮ ಕಾರ್ಯಕ್ರಮ ಭಾನುವಾರ ಇದ್ದರೆ ಸೌದಿಯವರು ಆ ಹೊತ್ತಿಗೆ ಆಫೀಸಿನಲ್ಲಿರುತ್ತಾರೆ. ಕೊಠಡಿ ಸಿಗುತ್ತದಾ ಅಂತ ಮೊದಲೇ ಕೇಳಿ.

ರಿಹರ್ಸಲ್‌ನಲ್ಲಿ ಅವರು ಭಾಷಣದ ದಿನ ಬಳಸುವ ಅದೇ ಲ್ಯಾಪ್‌ಟಾಪ್, ಅದೇ ಇಂಟರ್‌ನೆಟ್, ಅದೇ ಹೆಡ್‌ಸೆಟ್ ಇರಲಿ. ಸ್ಕ್ರೀನ್ ಹಂಚುವಾಗ `Share sound` ಗುರುತು ಹಾಕದಿದ್ದರೆ ವಿಡಿಯೊದ ಶಬ್ದ ಇಲ್ಲಿಗೆ ಬರುವುದಿಲ್ಲ. ಇದನ್ನು ಅವರ ಕೈಯಲ್ಲೇ ಮಾಡಿಸಿ. ಅವರ ಪಿಪಿಟಿಯ ಒಂದು ಪ್ರತಿ ನಿಮ್ಮ ಹತ್ತಿರವೂ ಇದ್ದರೆ, ಅವರ ನೆಟ್ ಕೈಕೊಟ್ಟಾಗ ಫೋನಿನಲ್ಲಿ ಅವರ ಮಾತು, ಇಲ್ಲಿಂದ ನಿಮ್ಮ ಸ್ಲೈಡು ಅಂತ ಭಾಷಣ ಮುಗಿಸಬಹುದು.

ಮ್ಯಾಕ್ ಲ್ಯಾಪ್‌ಟಾಪ್ ತರುತ್ತೇನೆ, ಅದರಲ್ಲೇ ತೋರಿಸುತ್ತೇನೆ ಅನ್ನುತ್ತಾರೆ.

ತರಲಿ. ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ಅವರೇ ತರಬೇಕು ಅಂತ ಮೆಸೇಜಿನಲ್ಲಿ ಬರೆಯಿರಿ, ಆದರೂ ನೀವೊಂದು ಇಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಮಾಡಿದ ಕನ್ನಡ ಪಿಪಿಟಿ ಮ್ಯಾಕ್‌ನಲ್ಲಿ ತೆರೆದಾಗ ಫಾಂಟ್ ಬದಲಾಗಿ ಸಾಲುಗಳು ಚೌಕದ ಹೊರಗೆ ಹೋಗುತ್ತವೆ, ಅದಕ್ಕೂ ರಿಹರ್ಸಲ್ ಬೇಕು. ಇಂಥವರಿಗೆ ಸ್ಲಾಟ್ ಕಡ್ಡಾಯ ಅಂತ ಹೇಳುವುದರಲ್ಲಿ ಸಂಕೋಚ ಬೇಡ.

ಮೂರು ಸಲ ನೆನಪಿಸಿದರೂ ಉತ್ತರವೇ ಇಲ್ಲ. ಏನು ಮಾಡಲಿ?

ನೀಲಿ ಗುರುತು ಬಂದಿದೆ ಅಂತ ಓದಿದ್ದಾರೆ ಅಂದುಕೊಳ್ಳಬೇಡಿ, ಮನೆಯ ಮಕ್ಕಳು ತೆರೆದಿರಬಹುದು. ಒಂದು ಫೋನ್ ಮಾಡಿ. ಎತ್ತದಿದ್ದರೆ ಅವರನ್ನು ಆಹ್ವಾನಿಸಿದ ಹಿರಿಯರಿಗೆ ಹೇಳಿ, ಅವರೇ ಕೇಳಲಿ. ಆ ಸಂಬಂಧ ಇರುವುದು ಅವರದು.

ಬುಧವಾರವೂ ದಾಟಿತು ಅಂತಾದರೆ ಮೆಸೇಜಿನ ಧಾಟಿ ಬದಲಿಸಿ. ಕೇಳುವುದನ್ನು ಬಿಟ್ಟು ತಿಳಿಸಿ: "ಸರ್, ಪಿಪಿಟಿ ಇನ್ನೂ ಸಿಕ್ಕಿಲ್ಲವಾದ್ದರಿಂದ ನಿಮ್ಮ ಭಾಷಣಕ್ಕೆ ಪ್ರೊಜೆಕ್ಟರ್ ಇಲ್ಲದ ವ್ಯವಸ್ಥೆ ಮಾಡಿಟ್ಟಿದ್ದೇವೆ. ಪಿಪಿಟಿ ಇದ್ದರೆ ಶನಿವಾರ 8.40ರ ಒಳಗೆ ಆಪರೇಟರ್ ಕೈಗೆ ಕೊಡಿ. ಅದರ ನಂತರ ಬಂದರೆ ಹಾಕಲಾಗುವುದಿಲ್ಲ." ಇದಕ್ಕೆ ಮಾತ್ರ ಐದು ನಿಮಿಷದಲ್ಲಿ ಉತ್ತರ ಬರುವುದನ್ನು ನೋಡಿದ್ದೇನೆ. ಆದರೆ ಹೀಗೆ ಬರೆಯುವ ಮೊದಲು ಸಂಘಟಕರ ಒಪ್ಪಿಗೆ ತೆಗೆದುಕೊಳ್ಳಿ. 9 ಗಂಟೆಗೆ ಪೆನ್‌ಡ್ರೈವ್ ಹಿಡಿದು ಬಂದಾಗ ಅವರೇ "ಪಾಪ, ಹಾಕಿಬಿಡಿ ಮಾರಾಯ್ರೇ" ಅಂದರೆ ನಿಮ್ಮ ಮಾತಿಗೆ ಮುಂದೆ ಬೆಲೆ ಇಲ್ಲ.

ಕೊಟ್ಟ ಮೇಲೆ ಹೊಸ ಪ್ರತಿ ಕಳಿಸುತ್ತಲೇ ಇರುತ್ತಾರೆ. ಯಾವುದು ಕೊನೆಯದು?

ಫೈಲ್ ಬಂದ ಕೂಡಲೇ ಹೆಸರು ಬದಲಿಸಿ. `final`, `final2`, `finalfinal` ಇವುಗಳಲ್ಲಿ ಯಾವುದು ಮೊದಲು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಭಾಷಣದ ಗಂಟೆ, ಹೆಸರು, ಬಂದ ದಿನಾಂಕ, ಈ ಕ್ರಮದಲ್ಲಿ:

```
1120_Rao_1202.pptx
```

ಗಂಟೆ ಮೊದಲಿದ್ದರೆ ಫೋಲ್ಡರಿನಲ್ಲಿ ಫೈಲುಗಳು ಕಾರ್ಯಕ್ರಮದ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ, ಆಪರೇಟರ್ ಹುಡುಕಬೇಕಾಗಿಲ್ಲ. 1202 ಅಂದರೆ ಡಿಸೆಂಬರ್ 2ಕ್ಕೆ ಬಂದದ್ದು. ಹೊಸ ಪ್ರತಿ ಬಂದಾಗ ಹಳೆಯದನ್ನು "ಹಳೆಯದು" ಅನ್ನುವ ಬೇರೆ ಫೋಲ್ಡರಿಗೆ ಹಾಕಿ, ಅಳಿಸಬೇಡಿ. ಹೊಸದರಲ್ಲಿ ಏನೋ ಕೆಟ್ಟಿದ್ದರೆ ಹಿಂದಿನದು ಬೇಕಾಗುತ್ತದೆ.

ಕೊನೆಯ ಬದಲಾವಣೆಗೂ ಒಂದು ಗಂಟೆ ಗೊತ್ತು ಮಾಡಿ. ಶುಕ್ರವಾರ ರಾತ್ರಿ 9 ಆದರೆ ಸರಿ. ಅದರ ನಂತರ ಬದಲಿಸುವವರು ಬೆಳಿಗ್ಗೆ ತಮ್ಮ ಸ್ಲಾಟಿಗೆ ಬಂದು ಆಪರೇಟರ್ ಪಕ್ಕ ಕೂತು ತಾವೇ ಬದಲಿಸಲಿ. ಫೋನಿನಲ್ಲಿ "ಏಳನೇ ಸ್ಲೈಡಿನಲ್ಲಿ 40 ಇದ್ದದ್ದನ್ನು 45 ಮಾಡಿ" ಅನ್ನುವವರಿಗೆ ನಯವಾಗಿ ಆಗುವುದಿಲ್ಲ ಅನ್ನಿ. ನಿಮ್ಮ ಕೈಯಿಂದ ಒಂದು ಅಂಕಿ ತಪ್ಪಿದರೆ ಅದು ಅವರ ಹೆಸರಿನಲ್ಲಿ ತೆರೆಯ ಮೇಲೆ ಬರುತ್ತದೆ.

ಎಲ್ಲ ಮುಗಿದ ಮೇಲೆ ಏನಾದರೂ ಬಾಕಿ ಇರುತ್ತದಾ?

ಸಭಾಂಗಣದ ಕಂಪ್ಯೂಟರಿನಿಂದ ಫೈಲುಗಳನ್ನು ಅಳಿಸುವುದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ರಿಸೈಕಲ್ ಬಿನ್ ಮೂರೂ ಕಡೆ ನೋಡಿ. ವಾಟ್ಸಾಪ್ ವೆಬ್ ತೆರೆದೇ ಬಿಟ್ಟಿದ್ದರೆ ಲಾಗೌಟ್ ಮಾಡಿ. ಸ್ಟೇಜಿನ ಮೇಜಿನಲ್ಲಿ ಉಳಿದ ಪೆನ್‌ಡ್ರೈವುಗಳನ್ನು ಹೆಸರು ಬರೆದ ಲಕೋಟೆಗೆ ಹಾಕಿ. ಆಮೇಲೆ ಭಾಷಣಕಾರರಿಗೆ ಎರಡು ಸಾಲು: ಫೈಲು ಅಳಿಸಿದ್ದೇವೆ, ಪೆನ್‌ಡ್ರೈವ್ ನಮ್ಮ ಹತ್ತಿರ ಇದೆ, ಯಾವ ವಿಳಾಸಕ್ಕೆ ಕಳಿಸಲಿ?